ಬಡಾವಣೆಯ ಜಿಮ್ಮಿಗೆ ಹೆಸರು: ಮೊದಲ ಸಲ ಬರುವವರನ್ನು ಹೆದರಿಸದಂತೆ

ಜಿಮ್ಮಿನ ಬೋರ್ಡು ಓದಿದವರು ಮೊದಲು ಊಹಿಸಿಕೊಳ್ಳುವುದು ಒಳಗೆ ಎಂಥ ಜನ ಇರುತ್ತಾರೆ ಎಂಬುದನ್ನು. ಯಂತ್ರಗಳು, ಶುಲ್ಕ, ಸಮಯ ಎಲ್ಲ ಆಮೇಲಿನ ಮಾತು. ಮೂವತ್ತು ವರ್ಷ ಕುರ್ಚಿಯಲ್ಲಿ ಕೂತು ಕೆಲಸ ಮಾಡಿ, ಈಗ ಮಂಡಿಗೆ ಬಲ ಬರಬೇಕೆಂದು ಬಯಸುವವರು ಹೆಸರು ಓದಿ 'ಇದು ನನ್ನಂಥವರಿಗಲ್ಲ' ಎಂದುಕೊಂಡರೆ ಅಲ್ಲಿಗೆ ಮುಗಿಯಿತು. ಅವರು ಫೋನ್ ಮಾಡುವುದಿಲ್ಲ, ಯಾಕೆ ಬರಲಿಲ್ಲ ಎಂದು ಮಾಲೀಕರಿಗೆ ತಿಳಿಯುವುದೂ ಇಲ್ಲ.

ಒಂದು ಕಲ್ಪಿತ ಉದಾಹರಣೆಯನ್ನೇ ಕೊನೆಯವರೆಗೆ ಹಿಡಿದು ನೋಡೋಣ. ಮೊದಲ ಮಹಡಿಯಲ್ಲೊಂದು ಜಿಮ್ ಇದೆ. ಅದಕ್ಕೆ 'ಬೀಸ್ಟ್ ಐರನ್ ಜಿಮ್' ಎಂಬ ಹೆಸರಿದೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ 5.30ರಿಂದ 7.30, ಸಂಜೆ 6ರಿಂದ 9 ಜಾಗ ಸಾಲುವುದಿಲ್ಲ. ಬೆಳಿಗ್ಗೆ 8ರಿಂದ 11ರವರೆಗೆ ತರಬೇತುದಾರರು ಸುಮ್ಮನೆ ಕೂತಿರುತ್ತಾರೆ. ಆ ಹೊತ್ತಿಗೆ ಬರಬಲ್ಲವರು ನಿವೃತ್ತರು, ಮಕ್ಕಳನ್ನು ಶಾಲೆಗೆ ಕಳಿಸಿ ಬಿಡುವಾದವರು, ಮನೆಯಿಂದಲೇ ಕೆಲಸ ಮಾಡುವವರು. ಹೆಸರಿನ ಕೆಲಸ ಇಲ್ಲಿಂದಲೇ ಶುರುವಾಗಬೇಕು. 'ಎಲ್ಲರಿಗೂ ಇಷ್ಟವಾಗುವ ಹೆಸರು ಬೇಕು' ಎಂದು ಹೊರಟರೆ ತೂಗಿ ನೋಡಲು ಅಳತೆಯೇ ಇರುವುದಿಲ್ಲ. 'ಎಂಟು ಗಂಟೆಯ ನಂತರ ಬರಬಹುದಾದ, ಹಿಂದೆಂದೂ ಜಿಮ್ಮಿಗೆ ಹೋಗದವರು' ಎಂದು ಒಂದೇ ಸಾಲು ಬರೆದುಕೊಂಡರೆ ಪ್ರತಿ ಹೆಸರನ್ನೂ ಅದರ ಎದುರಿಟ್ಟು ನೋಡಬಹುದು.

ಬೀಸ್ಟ್, ಐರನ್, ಮಸಲ್, ವಾರಿಯರ್, ಹಾರ್ಡ್‌ಕೋರ್ ಮೊದಲಾದ ಪದಗಳನ್ನು ಬಿಡಬೇಕು ಎಂಬುದು ಬಹುತೇಕ ಮಾಲೀಕರಿಗೆ ಬೇಗ ಹೊಳೆಯುತ್ತದೆ. ಗರಡಿ ಎಂಬ ಪದವೂ, ಎಷ್ಟೇ ಆಪ್ತವಾಗಿದ್ದರೂ, ಕುಸ್ತಿಪಟುವಿನ ಮೈಯನ್ನೇ ಕಣ್ಣ ಮುಂದೆ ತರುತ್ತದೆ. ನಿಜವಾಗಿ ಎಡವುವುದು ಇದರ ಇನ್ನೊಂದು ಬದಿಯಲ್ಲಿ. ಹೆದರಿಸಬಾರದು ಎಂದು 'ಹಿರಿಯರ ಫಿಟ್‌ನೆಸ್ ಕೇಂದ್ರ', 'ಸಿಲ್ವರ್ ಫಿಟ್' ಎಂಬ ಕಡೆಗೆ ವಾಲಿಬಿಡುತ್ತಾರೆ. ಐವತ್ತೆಂಟರ ವ್ಯಕ್ತಿ ತನ್ನನ್ನು ಹಿರಿಯ ನಾಗರಿಕ ಎಂದುಕೊಂಡಿರುವುದಿಲ್ಲ. ಎಪ್ಪತ್ತರವರಲ್ಲೂ ಎಷ್ಟೋ ಜನ ಆ ಮಾತನ್ನು ತಮಗಿಂತ ಹತ್ತು ವರ್ಷ ದೊಡ್ಡವರಿಗೆ ಮೀಸಲಿಡುತ್ತಾರೆ. ಜೊತೆಗೆ ಮೂವತ್ತೈದರ ಹೊಸಬರು ಅಲ್ಲಿಗೆ ಕಾಲಿಡುವುದೇ ಇಲ್ಲ. ವಯಸ್ಸನ್ನು ಬೋರ್ಡಿನ ಮೇಲೆ ಬರೆದರೆ ಬಾಗಿಲು ಎರಡೂ ಕಡೆಯಿಂದ ಕಿರಿದಾಗುತ್ತದೆ.

'ಆರೈಕೆ', 'ಥೆರಪಿ', 'ಕ್ಯೂರ್' ಎಂಬ ಪದಗಳದ್ದು ಬೇರೆಯೇ ತೊಂದರೆ. ಅವು ಚಿಕಿತ್ಸೆಯ ಭರವಸೆ ಕೊಡುತ್ತವೆ. ಫಿಸಿಯೋಥೆರಪಿಸ್ಟ್ ಇಲ್ಲದ ಜಾಗಕ್ಕೆ ಬೆನ್ನುಹುರಿಯ ನೋವಿನವರು ಗುಣವಾಗುವ ನಂಬಿಕೆಯಿಂದ ಬಂದರೆ ಅದು ಅವರಿಗೂ ಅಪಾಯ, ನಿಮಗೂ ಅಪಾಯ.

ಹಾಗಾದರೆ ಬಲ, ಶಕ್ತಿ ಎಂಬ ಅರ್ಥವನ್ನೇ ಹೆಸರಿನಿಂದ ತೆಗೆದುಬಿಡಬೇಕೆ? ಖಂಡಿತ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿ 65 ದಾಟಿದವರಿಗೆ ವಾರಕ್ಕೆ ಕನಿಷ್ಠ 3 ದಿನ ಸಮತೋಲನ ಮತ್ತು ಸ್ನಾಯುಬಲಕ್ಕೆ ಒತ್ತು ಕೊಡುವ ವ್ಯಾಯಾಮ ಹೇಳುತ್ತದೆ. ಅಂದರೆ ವಯಸ್ಸಾದವರಿಗೆ ಬೇಕಾದದ್ದೂ ಬಲವೇ. ಆದರೆ ಅವರು ಅದನ್ನು ಅಳೆಯುವುದು ತೋಳಿನ ಸುತ್ತಳತೆಯಿಂದ ಅಲ್ಲ. ನೆಲದಿಂದ ಕೈಯೂರದೆ ಏಳುವುದು, ಚೀಲ ಹೊತ್ತು ಮೆಟ್ಟಿಲು ಹತ್ತುವುದು, ಮೊಮ್ಮಗುವನ್ನು ಎತ್ತಿಕೊಳ್ಳುವುದು ಅವರ ಲೆಕ್ಕ. ಹೆಸರು ಈ ಕಡೆಯಿಂದ ಬಂದರೆ ಸುಳ್ಳೂ ಹೇಳಿದಂತಾಗುವುದಿಲ್ಲ, ಭಾರ ಎತ್ತುವ ಹುಡುಗರೂ ಮುಜುಗರಪಡುವುದಿಲ್ಲ. ಅವರು ಬರುವುದು ಸ್ಕ್ವಾಟ್ ರ‍್ಯಾಕ್ ನೋಡಿ. ಅದು ಇದ್ದಲ್ಲೇ ಇರುವವರೆಗೆ ಹೆಸರು ಬದಲಾದುದಕ್ಕೆ ಅವರಲ್ಲಿ ಹೆಚ್ಚಿನವರು ಬಿಟ್ಟುಹೋಗಲಾರರು.

ನಮ್ಮ ಉದಾಹರಣೆಯ ಮಾಲೀಕರು ಆರು ಹೆಸರು ಪಟ್ಟಿ ಮಾಡಿದ್ದಾರೆ ಎಂದುಕೊಳ್ಳಿ: ಮೊದಲ ಹೆಜ್ಜೆ, ಸ್ವಾಸ್ಥ್ಯ, ಚೈತನ್ಯ, ಕಸುವು, ಗಟ್ಟಿಮುಟ್ಟು, ಹುರುಪು. ಎಲ್ಲವೂ ಒಳ್ಳೆಯ ಪದಗಳೇ. ಒಂದೊಂದನ್ನೂ ಬೋರ್ಡಿನ ಮೇಲೆ, ಫೋನಿನಲ್ಲಿ, ಮೊಬೈಲ್ ಪರದೆಯ ಮೇಲೆ ಇಟ್ಟು ನೋಡಿದಾಗ ಗುಣದೋಷ ಕಾಣುತ್ತದೆ.

'ಮೊದಲ ಹೆಜ್ಜೆ' ಕೇಳಿದ ಕೂಡಲೇ ಶಿಶುವಿಹಾರ ನೆನಪಾಗುತ್ತದೆ. ಅದಲ್ಲದೆ ಒಂದು ವರ್ಷ ಬಂದವರಿಗೆ ಆ ಹೆಸರು ಹೊಂದುವುದಿಲ್ಲ; ಹೊಸಬರನ್ನು ಕರೆಯುವ ಹೆಸರು ಅವರು ಹಳಬರಾದ ಮೇಲೂ ಅವರದ್ದಾಗಿರಬೇಕು. 'ಸ್ವಾಸ್ಥ್ಯ' ಕ್ಲಿನಿಕ್ಕಿನಂತೆ ಕೇಳಿಸುತ್ತದೆ, ಮೇಲಾಗಿ ಅದರ ಕೊನೆಯಲ್ಲಿ ಒತ್ತಿನ ಕೆಳಗೆ ಒತ್ತು ಬರುತ್ತದೆ. ಬೋರ್ಡಿನಲ್ಲಿ ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕವು. ರಸ್ತೆಯ ಆಚೆ ಬದಿಯಿಂದ ಅವು ಕಲೆಸಿದ ಚುಕ್ಕೆಯಂತೆ ಕಾಣುತ್ತವೆ. 'ಚೈತನ್ಯ'ವನ್ನು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವವರು Chaitanya ಎಂದೂ ಬರೆಯುತ್ತಾರೆ, Chaithanya ಎಂದೂ ಬರೆಯುತ್ತಾರೆ. ವ್ಯಕ್ತಿಗಳ, ಶಾಲೆಗಳ, ಅಂಗಡಿಗಳ ಹೆಸರೂ ಅದೇ ಆಗಿರುವುದರಿಂದ ನಿಮ್ಮ ಜಿಮ್ ಆ ರಾಶಿಯಲ್ಲಿ ಕಳೆದುಹೋಗುತ್ತದೆ.

'ಕಸುವು' ನಮಗೆ ತುಂಬಾ ಹಿಡಿಸುವ ಪದ. ಅರ್ಥ ಸರಿಯಾಗಿದೆ, ಚಿಕ್ಕದಾಗಿದೆ, ಒತ್ತಿಲ್ಲ. ಆದರೆ ಫೋನಿನ ಪರೀಕ್ಷೆಯಲ್ಲಿ ಸೋಲುವ ಸಂಭವ ಹೆಚ್ಚು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಹೆಚ್ಚಿನ ಆವರ್ತನದ ಧ್ವನಿಗಳನ್ನು; ಸ, ಶ, ಫ ಇವೆಲ್ಲ ಆ ಗುಂಪಿನವು. ಹಳೆಯ ಬಗೆಯ ಫೋನ್ ಕರೆ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ದಾಟಿಸುವುದರಿಂದ 'ಸ'ದ ಹರಿತ ಇನ್ನಷ್ಟು ಕಡಿಮೆಯಾಗುತ್ತದೆ. ಕೇಳುವವರು ಉಳಿದದ್ದನ್ನು ಊಹಿಸಿಕೊಳ್ಳಬೇಕು, ಆಗ 'ಕಸುವು' ಸುಲಭವಾಗಿ 'ಕಸವು' ಆಗಿಬಿಡುತ್ತದೆ. ಕಸದ ನೆನಪು ತರುವ ಹೆಸರಿನ ಜಿಮ್ಮನ್ನು ಯಾರೂ ನೆರೆಯವರಿಗೆ ಹೇಳಲಾರರು.

'ಗಟ್ಟಿಮುಟ್ಟು' ಇನ್ನೂ ಹತ್ತಿರ ಬರುತ್ತದೆ. ಎಪ್ಪತ್ತೈದರಲ್ಲೂ ಚುರುಕಾಗಿ ಓಡಾಡುವವರನ್ನು ನಾವು ಮೆಚ್ಚಿ ಹೇಳುವುದೇ ಆ ಮಾತು. ಆದರೆ ಬೋರ್ಡು ಬರೆಯುವವರು ಜಾಗ ಸಾಲದೆ ಅದನ್ನು ಎರಡು ಸಾಲಿಗೆ ಒಡೆದರೆ ಕೆಳಗಿನ ಸಾಲಿನಲ್ಲಿ 'ಮುಟ್ಟು' ಎಂಬುದು ಒಂಟಿಯಾಗಿ ನಿಲ್ಲುತ್ತದೆ. ಟೀ ಶರ್ಟ್, ಸದಸ್ಯತ್ವದ ಕಾರ್ಡ್, ಮೊಬೈಲ್ ಪರದೆ ಎಲ್ಲೆಡೆಯೂ ಅದು ಒಂದೇ ಸಾಲಿನಲ್ಲಿರುವಂತೆ ಕಾಯುವುದು ಆಗದ ಕೆಲಸ. ಎರಡು ತುಂಡಿನ ಯಾವುದೇ ಪದವನ್ನು ಒಡೆದು ಬರೆದು ನೋಡದೆ ಒಪ್ಪಬೇಡಿ.

ಉಳಿದದ್ದು 'ಹುರುಪು'. ಮೂರೇ ಅಕ್ಷರ, ಒತ್ತಿಲ್ಲ, ಇಂಗ್ಲಿಷಿನಲ್ಲಿ Hurupu ಎಂದು ಹೆಚ್ಚುಕಡಿಮೆ ಎಲ್ಲರೂ ಒಂದೇ ರೀತಿ ಬರೆಯುತ್ತಾರೆ. ದೋಷವಿಲ್ಲದ ಹೆಸರೇನೂ ಅಲ್ಲ. ಮಾತಿನಲ್ಲಿ 'ಹ' ಬಿಡುವವರು 'ಉರುಪು' ಎನ್ನುತ್ತಾರೆ, ಆದರೂ ಕೇಳುವವರಿಗೆ ಪದ ಯಾವುದೆಂದು ತಿಳಿಯುತ್ತದೆ. ಪ ಮತ್ತು ವ ನಡುವಿನ ವ್ಯತ್ಯಾಸ ಸಣ್ಣದು, ತೀರಾ ದಪ್ಪ ಅಕ್ಷರದಲ್ಲಿ ಅದು ಮುಚ್ಚಿಹೋಗುತ್ತದೆ. ಇದನ್ನು ಅಕ್ಷರದ ಆಯ್ಕೆಯಲ್ಲಿ ಸರಿಪಡಿಸಬಹುದು.

ಜೊತೆಗೆ 'ಜಿಮ್' ಎಂಬ ಪದವನ್ನು ಉಳಿಸಿಕೊಳ್ಳಿ. ಮೃದುವಾಗಲಿ ಎಂದು 'ಸ್ಟುಡಿಯೋ', 'ವೆಲ್‌ನೆಸ್', 'ಸ್ಪೇಸ್' ಎಂದು ಬದಲಿಸಿದರೆ ಯೋಗ ತರಗತಿಯೋ ಸೌಂದರ್ಯ ಕೇಂದ್ರವೋ ಎಂಬ ಗೊಂದಲ ಹುಟ್ಟುತ್ತದೆ. ಹೊಸಬರಿಗೆ ಗೊಂದಲವೆಂದರೆ ಹಿಂಜರಿಯಲು ಇನ್ನೊಂದು ಕಾರಣ. 'ಹುರುಪು ಜಿಮ್' ಎಂದರೆ ಏನು ಸಿಗುತ್ತದೆ ಎಂಬುದು ಸ್ಪಷ್ಟ.

ನಿರ್ಧರಿಸುವ ಮುನ್ನ ಜನರ ಮುಂದಿಡಿ. ನಿಮ್ಮ ಸದಸ್ಯರಲ್ಲದ, ಆ ಒಂದು ಸಾಲಿನ ವಿವರಣೆಗೆ ಹೊಂದುವ 12ರಿಂದ 15 ಜನ ಸಾಕು. ಕಾಗದದ ಮೇಲೆ ಹೆಸರು ಮಾತ್ರ ಇರಲಿ, ಚಿತ್ರ ಬೇಡ, ನಿಮ್ಮ ವಿವರಣೆಯೂ ಬೇಡ. 'ಹೆಸರು ಇಷ್ಟವಾಯಿತೆ?' ಎಂದು ಕೇಳಿದರೆ ಮನೆಗೆ ಬಂದವರಿಗೆ ಬೇಸರ ಮಾಡಬಾರದೆಂದು ಎಲ್ಲರೂ ಹೌದು ಎನ್ನುತ್ತಾರೆ. 'ಇಲ್ಲಿಗೆ ಎಂಥವರು ಬರುತ್ತಿರಬಹುದು?' ಎಂದು ಕೇಳಿ. ಉತ್ತರದಲ್ಲಿ 'ಕಾಲೇಜು ಹುಡುಗರು', 'ಬಾಡಿ ಮಾಡೋರು' ಎಂಬುದು ಹೆಚ್ಚು ಬಂದರೆ ಹೆಸರು ಇನ್ನೂ ಹಳೆಯ ದಾರಿಯಲ್ಲೇ ಇದೆ. 'ಕಾಯಿಲೆಯವರು', 'ವಯಸ್ಸಾದವರು' ಎಂಬುದೇ ಹೆಚ್ಚು ಬಂದರೆ ಇನ್ನೊಂದು ಬದಿಗೆ ಜಾರಿದೆ. ಎರಡು ದಿನ ಬಿಟ್ಟು ಫೋನ್ ಮಾಡಿ ಯಾವ ಹೆಸರು ನೆನಪಿದೆ ಎಂದು ಕೇಳಿ. ಬೇರೆ ನಾಲ್ಕೈದು ಜನರಿಗೆ ಫೋನಿನಲ್ಲಿ ಸಾಮಾನ್ಯ ವೇಗದಲ್ಲಿ ಹೆಸರು ಹೇಳಿ ಬರೆದು ಕಳಿಸಲು ಹೇಳಿ. ಇಬ್ಬರು ತಪ್ಪಾಗಿ ಬರೆದರೂ ಮತ್ತೆ ಯೋಚಿಸಬೇಕು.

ಬೋರ್ಡಿನ ಅಕ್ಷರದ ಎತ್ತರಕ್ಕೆ ರೂಢಿಯ ಲೆಕ್ಕವೊಂದಿದೆ: ಆರಾಮವಾಗಿ ಓದಲು ಪ್ರತಿ 3 ಮೀಟರ್ ದೂರಕ್ಕೆ 2.5 ಸೆಂಟಿಮೀಟರ್. ರಸ್ತೆಯ ಆಚೆ ಬದಿ 12 ಮೀಟರ್ ದೂರವಿದ್ದರೆ 10 ಸೆಂ.ಮೀ. ಆಗುತ್ತದೆ. ವಯಸ್ಸಾದ ಕಣ್ಣಿಗೆ ಒಳಹೋಗುವ ಬೆಳಕು ಕಡಿಮೆ, ಬಣ್ಣಗಳ ನಡುವಿನ ವ್ಯತ್ಯಾಸ ಗುರುತಿಸುವ ಶಕ್ತಿಯೂ ಕಡಿಮೆ. ಹಾಗಾಗಿ 15 ಸೆಂ.ಮೀ. ಇಡಿ, ಅದೂ ಒತ್ತು, ಕೊಂಬುಗಳನ್ನು ಬಿಟ್ಟು ಮೂಲ ಅಕ್ಷರದ್ದೇ ಅಳತೆ. ಜಿಮ್ಮುಗಳಲ್ಲಿ ತೀರಾ ಸಾಮಾನ್ಯವಾದ ಕಪ್ಪಿನ ಮೇಲಿನ ಕೆಂಪು ಬಣ್ಣ ಅವರಿಗೆ ಸರಿಯಾಗಿ ಕಾಣುವುದೇ ಇಲ್ಲ. ಹೆಸರು ಬದಲಿಸಿ ಪಕ್ಕದಲ್ಲಿ ನರ ಉಬ್ಬಿದ ತೋಳಿನ ಚಿತ್ರವನ್ನು ಹಾಗೇ ಬಿಟ್ಟರೆ ಜನ ಚಿತ್ರವನ್ನೇ ನಂಬುತ್ತಾರೆ.

ಹೆಸರಿನ ಕೆಳಗಿನ ಸಾಲಿಗೆ ಹೆಸರಿಗಿಂತ ಹೆಚ್ಚು ಹೊರೆ ಹೊರಿಸಬಹುದು. ಅಮೆರಿಕದಲ್ಲಿ 1992ರಲ್ಲಿ ಶುರುವಾದ ಪ್ಲಾನೆಟ್ ಫಿಟ್‌ನೆಸ್ ಸರಣಿಯ ಹೆಸರಿನಲ್ಲಿ ಹೊಸಬರ ಮಾತೇ ಇಲ್ಲ. ಇಲ್ಲಿ ನಿಮ್ಮನ್ನು ಯಾರೂ ಅಳೆಯುವುದಿಲ್ಲ ಎಂಬ ಭರವಸೆಯನ್ನು ಅದರ ಘೋಷವಾಕ್ಯ ಕೊಡುತ್ತದೆ. ಹೊಸಬರ ಮೊದಲ ಭಯ ಯಂತ್ರ ಬಳಸಲು ಬಾರದೆ ಎಲ್ಲರೆದುರು ನಿಲ್ಲುವುದು. ಆದ್ದರಿಂದ 'ಬನ್ನಿ, ಆರೋಗ್ಯವಾಗಿರಿ' ಎಂಬ ಸಾಲು ವ್ಯರ್ಥ. 'ಮೊದಲ ಎರಡು ವಾರ ತರಬೇತುದಾರರು ನಿಮ್ಮ ಜೊತೆಗೇ ಇರುತ್ತಾರೆ' ಎಂಬುದು ಆ ಭಯಕ್ಕೆ ನೇರ ಉತ್ತರ. ಇದನ್ನು ಬರೆಸುವ ಮೊದಲು 8ರಿಂದ 11ರ ಅವಧಿಗೆ ಒಬ್ಬರನ್ನು ನಿಜವಾಗಿಯೂ ಅದಕ್ಕೇ ನೇಮಿಸಿ.

ಹಳೆಯ ಜಿಮ್ಮಿಗೆ ಹೊಸ ಹೆಸರಿಡುವಾಗ ಗೂಗಲ್ ಮ್ಯಾಪಿನಲ್ಲಿ ಹೊಸ ಖಾತೆ ತೆರೆಯಬೇಡಿ. ಇರುವುದರಲ್ಲೇ ಹೆಸರು ತಿದ್ದಿ, ಇಲ್ಲವಾದರೆ ಹಳೆಯ ವಿಮರ್ಶೆಗಳೆಲ್ಲ ಇನ್ನೊಂದು ಕಡೆ ಉಳಿಯುತ್ತವೆ. ಅಲ್ಲಿ ಹೆಸರಿನ ಜಾಗದಲ್ಲಿ 'ಹುರುಪು ಜಿಮ್' ಎಂದಷ್ಟೇ ಇರಲಿ. 'ಹೊಸಬರಿಗೆ, ಹಿರಿಯರಿಗೆ ಉತ್ತಮ' ಎಂದು ಅಲ್ಲೇ ತುರುಕುವುದು ಗೂಗಲ್ ನಿಯಮಕ್ಕೆ ವಿರುದ್ಧ. ಅದನ್ನು ವಿವರಣೆಯ ಜಾಗದಲ್ಲಿ ಬರೆಯಬಹುದು. ಬೋರ್ಡಿನ ಮೂಲೆಯಲ್ಲಿ ಹಳೆಯ ಹೆಸರನ್ನು ಸಣ್ಣದಾಗಿ ಆರು ತಿಂಗಳು ಉಳಿಸಿ, ಆಮೇಲೆ ತೆಗೆಯಿರಿ. ಆ ಆರು ತಿಂಗಳಲ್ಲಿ ವಿಚಾರಿಸಲು ಬಂದ ಪ್ರತಿಯೊಬ್ಬರ ಅಂದಾಜು ವಯಸ್ಸು, ಮೊದಲ ಸಲವೋ ಅಲ್ಲವೋ, ಯಾವ ಹೊತ್ತಿಗೆ ಬರಬಯಸುತ್ತಾರೆ ಎಂಬುದನ್ನು ಪುಸ್ತಕದಲ್ಲಿ ಬರೆದಿಡಿ. ವಿಚಾರಿಸಲು ಬರುವವರಲ್ಲಿ ಹೊಸಬರು ಹೆಚ್ಚಿ, ಸೇರುವವರಲ್ಲಿ ಹೆಚ್ಚದಿದ್ದರೆ ಹೆಸರು ತನ್ನ ಕೆಲಸ ಮಾಡಿದೆ, ತೊಡಕು ಮೆಟ್ಟಿಲ ಮೇಲಿದೆ: ಕಿವಿಗಡಚಿಕ್ಕುವ ಹಾಡೋ, ಕೈಹಿಡಿ ಇಲ್ಲದ ಮೆಟ್ಟಿಲೋ, ಬಾಗಿಲಲ್ಲೇ ಇಟ್ಟ ಡಂಬೆಲ್ ಸಾಲೋ ಎಂದು ಹುಡುಕಿ.