ಬಂಜೆ: ಗಂಡಸಿಗೆ ಇಲ್ಲದ ಪದ

ನಮ್ಮ ಕಡೆ ಮದುವೆಯಾಗಿ ವರ್ಷ ತುಂಬುವ ಹೊತ್ತಿಗೆ ಹೆಣ್ಣುಮಗಳಿಗೆ ಒಂದು ಪ್ರಶ್ನೆ ಶುರುವಾಗುತ್ತದೆ. "ಏನಾದ್ರೂ ವಿಶೇಷ ಇದ್ಯಾ?" ಕೇಳುವವರು ಅವಳ ಮುಖ ನೋಡುವುದಿಲ್ಲ, ಹೊಟ್ಟೆ ನೋಡುತ್ತಾರೆ. ಪಕ್ಕದಲ್ಲೇ ನಿಂತಿರುವ ಗಂಡನನ್ನು ಕೇಳುವುದು ಕಾಫಿಗೆ ಈ ಸಲ ಎಷ್ಟು ರೇಟು ಸಿಕ್ಕಿತು ಅಂತ. ನಾಲ್ಕೈದು ವರ್ಷ ಕಳೆದರೆ ಆ ಪ್ರಶ್ನೆಯೂ ನಿಂತು, ಅವಳ ಬೆನ್ನ ಹಿಂದೆ ಒಂದು ಪದ ಓಡಾಡತೊಡಗುತ್ತದೆ. ಬಂಜೆ.

ಸಂಸ್ಕೃತದ ವಂಧ್ಯಾ ಪ್ರಾಕೃತದ ಬಾಯಲ್ಲಿ ಸವೆದು ಕನ್ನಡಕ್ಕೆ ಬಂಜೆಯಾಗಿ ಬಂದಿದೆ. ಮೂಲದಿಂದಲೇ ಅದು ಹೆಣ್ಣಿನ ಪದ. ಮಕ್ಕಳಾಗದ ಗಂಡಸನ್ನು ಕರೆಯಲು ದಿನಬಳಕೆಯಲ್ಲಿ ಅಂಥ ಪದವೇ ಇಲ್ಲ. ಆಸ್ಪತ್ರೆಯವರು "ಪುರುಷ ಬಂಜೆತನ" ಅಂತ ಬರೆಯುತ್ತಾರೆ, ಹೆಣ್ಣಿನ ಪದಕ್ಕೇ ಪಂಚೆ ಉಡಿಸಿದ ಹಾಗೆ. ಊರಿನವರ ಬಾಯಲ್ಲಿ ಇರುವುದು ಷಂಡ, ನಪುಂಸಕ. ಆದರೆ ಆ ಪದಗಳ ಅರ್ಥವೇ ಬೇರೆ. ಅವು ಕೂಡಲು ಆಗದವನನ್ನು ಹೇಳುತ್ತವೆ. ಕೂಡಲು ಏನೂ ತೊಂದರೆ ಇಲ್ಲದ, ಆದರೆ ವೀರ್ಯದಲ್ಲಿ ವೀರ್ಯಾಣು ಕಡಿಮೆ ಇರುವ ಗಂಡಸೇ ಜಾಸ್ತಿ. ಅವನಿಗೆ ಹೊರಗೆ ಯಾವ ಗುರುತೂ ಇರುವುದಿಲ್ಲ. ವೀರ್ಯ ನೋಡಿದರೂ ಗೊತ್ತಾಗುವುದಿಲ್ಲ. ವೀರ್ಯಾಣು ಕಾಣುವುದು ಸೂಕ್ಷ್ಮದರ್ಶಕದಲ್ಲಿ ಮಾತ್ರ.

ಕಾನೂನು ಕೂಡ ಈ ಎರಡನ್ನು ಬೇರೆ ಬೇರೆ ಇಟ್ಟಿದೆ. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನ ಪ್ರಕಾರ, ನಪುಂಸಕತ್ವದಿಂದಾಗಿ ದಂಪತಿ ಕೂಡಲೇ ಇಲ್ಲದಿದ್ದರೆ ಮದುವೆಯನ್ನು ರದ್ದು ಮಾಡಿ ಅಂತ ಕೋರ್ಟಿಗೆ ಹೋಗಬಹುದು. ಮಕ್ಕಳಾಗಲಿಲ್ಲ ಅನ್ನುವುದು ಆ ಕಾಯ್ದೆಯಲ್ಲಿ ಮದುವೆ ಮುರಿಯಲು ಕಾರಣವೇ ಅಲ್ಲ, ಹೆಂಡತಿಯ ಮೇಲೂ ಅಲ್ಲ, ಗಂಡನ ಮೇಲೂ ಅಲ್ಲ. ಊರಿನ ಬಾಯಿ ಮಾತ್ರ ಎರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿಬಿಟ್ಟಿದೆ. ಇದರಿಂದ ಆಗುವ ಅನಾಹುತ ಎಂಥದ್ದು ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಸೋಮವಾರಪೇಟೆ ಕಡೆಯ ಒಂದು ಜೋಡಿ. ಹೆಸರು ಬೇಡ. ಸ್ವಲ್ಪ ಕಾಫಿ, ಮೆಣಸು, ಮನೆಯಲ್ಲಿ ಅತ್ತೆ. ವೈದ್ಯರ ಲೆಕ್ಕದಲ್ಲಿ ಯಾವ ತಡೆಯೂ ಇಲ್ಲದೆ 12 ತಿಂಗಳು ಜೊತೆಗಿದ್ದೂ ಬಸಿರು ನಿಲ್ಲದಿದ್ದರೆ ಪರೀಕ್ಷೆ ಶುರು ಮಾಡಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ. ಶುರು ಮಾಡುವುದು ಇಬ್ಬರಿಗೂ ಒಟ್ಟಿಗೆ, ಯಾಕೆಂದರೆ ಹೆಚ್ಚುಕಡಿಮೆ ಅರ್ಧದಷ್ಟು ಜೋಡಿಗಳಲ್ಲಿ ಗಂಡನ ಕಡೆಯ ಕಾರಣವೂ ಸೇರಿರುತ್ತದೆ. ಇವರ ಮನೆಯಲ್ಲಿ ಐದು ವರ್ಷ ಪರೀಕ್ಷೆಗೆ ಹೋದವಳು ಅವಳೊಬ್ಬಳೇ. ಸ್ಕ್ಯಾನಿಂಗ್, ರಕ್ತಪರೀಕ್ಷೆ, ಗರ್ಭನಾಳಕ್ಕೆ ಬಣ್ಣದ ನೀರು ಬಿಟ್ಟು ತೆಗೆಯುವ ಎಕ್ಸ್‌ರೇ, ಆಮೇಲೆ ಹೊಟ್ಟೆಗೆ ತೂತು ಮಾಡಿ ದುರ್ಬೀನು ಹಾಕುವ ಪರೀಕ್ಷೆ. ಕುಕ್ಕೆಗೆ ಹೋಗಿ ಸರ್ಪಸಂಸ್ಕಾರವನ್ನೂ ಮಾಡಿಸಿ ಬಂದರು. ಎಲ್ಲಾ ಸರಿ ಇದೆ ಅಂತಲೇ ರಿಪೋರ್ಟು. ಆದರೂ ನಾದಿನಿಯ ಸೀಮಂತದಲ್ಲಿ ಮಡಿಲು ತುಂಬಲು ಹೆಂಗಸರು ಒಬ್ಬೊಬ್ಬರಾಗಿ ಎದ್ದಾಗ ಅತ್ತೆ ಇವಳ ಕೈಗೆ ಕಾಫಿ ತಟ್ಟೆ ಕೊಟ್ಟು, "ನೀನು ಹೊರಗಿನವರನ್ನು ನೋಡ್ಕೋ" ಅಂದರು. ಬೈಗುಳ ಇಲ್ಲ, ಏರು ದನಿ ಇಲ್ಲ. ಅವಳು ತಟ್ಟೆ ಹಿಡಿದುಕೊಂಡು ಜಗಲಿಗೆ ಹೋದಳು.

ಗಂಡನ ಪರೀಕ್ಷೆ ಇಷ್ಟೆಲ್ಲಕ್ಕಿಂತ ಸುಲಭ, ಅಗ್ಗ. ಎರಡರಿಂದ ಏಳು ದಿನ ದೂರವಿದ್ದು ಒಂದು ಡಬ್ಬಿಯಲ್ಲಿ ವೀರ್ಯ ಕೊಡಬೇಕು. ಒಂದು ಗಂಟೆಯೊಳಗೆ ಅದು ಸೂಕ್ಷ್ಮದರ್ಶಕದ ಕೆಳಗೆ ಇರಬೇಕು. ಹಾಗಾಗಿ ದೂರದ ತೋಟದ ಮನೆಯಿಂದ ತರುವ ಹಾಗಿಲ್ಲ, ಲ್ಯಾಬಿನ ಕೋಣೆಯಲ್ಲೇ ಕೊಡಬೇಕು. ಊರಿನವರು ಯಾರಾದರೂ ಎದುರಾದರೆ ಅಂತ ಅವನು ಮಡಿಕೇರಿ ಬಿಟ್ಟು ಮೈಸೂರಿಗೆ ಹೋದ.

ಅವನ ರಿಪೋರ್ಟು ಹೀಗಿತ್ತು. ವೀರ್ಯ 2.5 ಎಂಎಲ್. ಒಂದು ಎಂಎಲ್‌ನಲ್ಲಿ 40 ಲಕ್ಷ ವೀರ್ಯಾಣು. ಅಂದರೆ ಒಟ್ಟು ಒಂದು ಕೋಟಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಗಿನ ಮಿತಿ ಎಂಎಲ್‌ಗೆ 1 ಕೋಟಿ 60 ಲಕ್ಷ, ಒಟ್ಟು 3 ಕೋಟಿ 90 ಲಕ್ಷ. ಒಂದು ಕೋಟಿ ಕಡಿಮೆಯೇ. ಆದರೆ ಅದು ಸೊನ್ನೆ ಅಲ್ಲ, ಷಂಡತನವಂತೂ ಅಲ್ಲವೇ ಅಲ್ಲ. ಒಂದೇ ರಿಪೋರ್ಟು ನೋಡಿ ತೀರ್ಮಾನವನ್ನೂ ಮಾಡುವುದಿಲ್ಲ. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ನಡುವೆ ಜೋರು ಜ್ವರ ಬಂದಿದ್ದರೂ ಎಣಿಕೆ ಬೀಳುತ್ತದೆ. ಮೂರು ತಿಂಗಳು ಬಿಟ್ಟು ಮತ್ತೆ ಬನ್ನಿ ಅಂದರು.

ಅವನಿಗೆ ಕೇಳಿಸಿದ್ದು ಮಾತ್ರ ಬೇರೆ: ನೀನು ಗಂಡಸಲ್ಲ. ಯಾರಿಗೂ ಹೇಳದೆ, ಜಿಮ್ಮಿನಲ್ಲಿ ಪರಿಚಯವಾದ ಒಬ್ಬನಿಂದ "ಗಂಡಸ್ತನ ಹೆಚ್ಚಿಸುವ" ಇಂಜೆಕ್ಷನ್ ಹಾಕಿಸಿಕೊಂಡ. ಅದು ಟೆಸ್ಟೋಸ್ಟೆರಾನ್. ತೋಳು ದಪ್ಪಗಾಯಿತು, ಹುಮ್ಮಸ್ಸು ಬಂತು. ಮೂರು ತಿಂಗಳ ನಂತರದ ರಿಪೋರ್ಟಿನಲ್ಲಿ ವೀರ್ಯಾಣು ಸೊನ್ನೆ.

ಇದು ಆಗುವುದೇ ಹೀಗೆ. ಹೊರಗಿನಿಂದ ಟೆಸ್ಟೋಸ್ಟೆರಾನ್ ಬಂದರೆ ಮೆದುಳು ಸಾಕಷ್ಟು ಇದೆ ಅಂದುಕೊಳ್ಳುತ್ತದೆ. ವೃಷಣಕ್ಕೆ ಕೆಲಸ ಹೇಳುವ ಹಾರ್ಮೋನುಗಳನ್ನು ನಿಲ್ಲಿಸುತ್ತದೆ. ವೃಷಣದೊಳಗೆ ವೀರ್ಯಾಣು ತಯಾರಿ ನಿಲ್ಲುತ್ತದೆ. ಮಗು ಬೇಕೆನ್ನುವವನು ಮುಟ್ಟಲೇಬಾರದ ಮದ್ದನ್ನೇ ಅವನು ಗಂಡಸ್ತನ ಅಂತ ದುಡ್ಡು ಕೊಟ್ಟು ತಗೊಂಡಿದ್ದ. ನನಗೆ ಈಗಲೂ ಇದನ್ನು ನೆನೆದರೆ ಸಂಕಟವಾಗುತ್ತದೆ. ಷಂಡ ಅನ್ನುವ ಪದದ ಹೆದರಿಕೆ ಇಲ್ಲದಿದ್ದರೆ ಅವನು ಆ ಸೂಜಿಯ ಹತ್ತಿರ ಹೋಗುತ್ತಲೇ ಇರಲಿಲ್ಲ.

ಅಷ್ಟೂ ತಿಂಗಳು ಊರಲ್ಲಿ ತಪ್ಪು ಹೊತ್ತವಳು ಅವಳು. "ನನ್ನಲ್ಲೇ ಏನೋ ತೊಂದರೆಯಂತೆ" ಅಂತ ಅತ್ತೆಗೆ ಅವಳೇ ಹೇಳಿದ್ದಳು. ಹೀಗೆ ಮಾಡುವ ಹೆಂಗಸರು ತುಂಬಾ ಜನ. ಬಂಜೆ ಅನ್ನಿಸಿಕೊಂಡು ಹೇಗೋ ಬದುಕಬಹುದು, ಗಂಡ ಊರ ಮುಂದೆ ತಲೆ ತಗ್ಗಿಸುವುದು ಬೇಡ ಅನ್ನುವ ಲೆಕ್ಕ. ಆದರೆ ಆ ಸುಳ್ಳಿಗೆ ಬೆಲೆ ಇದೆ. ಅತ್ತೆ ಇನ್ನೊಂದು ಮದುವೆಯ ಮಾತು ತೆಗೆದರು.

ಅವತ್ತು ಅವನು ಬಾಯಿಬಿಟ್ಟ. ಮೊದಲು ಡಾಕ್ಟರ ಹತ್ತಿರ ಸೂಜಿಯ ವಿಷಯ, ಆಮೇಲೆ ಹೆಂಡತಿಯ ಹತ್ತಿರ, ಕೊನೆಗೆ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ. ಸೂಜಿ ನಿಂತಿತು. ಬಿಟ್ಟ ಮೇಲೆ ಹೆಚ್ಚಿನವರಿಗೆ ವೀರ್ಯಾಣು ವಾಪಸ್ ಬರುತ್ತದೆ, ಆದರೆ ಆರು ತಿಂಗಳು, ವರ್ಷ, ಕೆಲವರಿಗೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಇವನಿಗೆ ಒಂಬತ್ತನೇ ತಿಂಗಳಲ್ಲಿ ಎಂಎಲ್‌ಗೆ 50 ಲಕ್ಷ ಕಂಡಿತು. ಇಷ್ಟಿದ್ದರೆ ಒಂದೊಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಬಿಟ್ಟು ಭ್ರೂಣ ಮಾಡಬಹುದು. ಅದನ್ನು ಇಕ್ಸಿ ಅನ್ನುತ್ತಾರೆ. ತೊಂದರೆ ಗಂಡನದ್ದಾದರೂ ಹತ್ತು ಹನ್ನೆರಡು ದಿನ ದಿನಾ ಇಂಜೆಕ್ಷನ್ ಚುಚ್ಚಿಸಿಕೊಳ್ಳುವವಳು ಹೆಂಡತಿಯೇ. ಅವರ ಮೊದಲ ಸಲ ನಿಲ್ಲಲಿಲ್ಲ. ಕಾಫಿ ಕೊಯ್ಲು ಮುಗಿದ ಮೇಲೆ ಇನ್ನೊಂದು ಸಲ, ಅದೂ ಆಗದಿದ್ದರೆ ದತ್ತು ಅಂತ ಇಬ್ಬರೂ ಕೂತು ತೀರ್ಮಾನಿಸಿದ್ದಾರೆ.

ಮೊನ್ನೆ ಕುಶಾಲನಗರದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಅವನ ಚಿಕ್ಕಮ್ಮ ಎಂದಿನಂತೆ ಅವಳ ಕಡೆ ಬಾಗಿ, "ವಿಶೇಷ ಏನಾದ್ರೂ?" ಅಂದರು. ಅವಳು ಎಲೆ ನೋಡುತ್ತಾ ಕೂತಿದ್ದಳು. ಅವನೇ ಹೇಳಿದ: "ನನ್ನದೇ ಎಣಿಕೆ ಕಡಿಮೆ ಚಿಕ್ಕಮ್ಮ. ಟ್ರೀಟ್‌ಮೆಂಟ್ ತಗೊಳ್ತಾ ಇದ್ದೀನಿ." ಚಿಕ್ಕಮ್ಮ ಒಂದು ಗಳಿಗೆ ಸುಮ್ಮನಾದರು. ಆಮೇಲೆ ಪಾಯಸದವನನ್ನು ಕರೆದು, ಇವಳ ಎಲೆಗೆ ಇನ್ನೊಂದು ಸೌಟು ಹಾಕಿಸಿದರು.