“ಇದು ನಡೀತದೇನ್ರಿ?”: ವೇಳಾಪಟ್ಟಿಯ ಫೋಟೋ ಬಂದಾಗ ಏನೇನು ನೋಡಬೇಕು

ಕಲಬುರಗಿ ಸುತ್ತಮುತ್ತಲಿನ ಪ್ರೌಢಶಾಲೆಗಳಲ್ಲಿ ಬಿ.ಎಡ್. ಇಂಟರ್ನ್‌ಶಿಪ್ ಮಾಡುವವರಿಗಾಗಿ ಈ ಟಿಪ್ಪಣಿ. ಶಾಲೆಯಲ್ಲಿ ಯಾರೋ ಒಬ್ಬರು ಹಾಳೆಯ ಮೇಲೆ ವೇಳಾಪಟ್ಟಿ ಹಾಕಿರುತ್ತಾರೆ. ಅದರ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿ “ಇದು ನಡೀತದೇನ್ರಿ?” ಅಂತ ಒಂದೇ ಮಾತು ಕೇಳುತ್ತಾರೆ. ಯಾವುದನ್ನು ನೋಡಬೇಕು ಅಂತ ಹೇಳಿರುವುದಿಲ್ಲ. ಆದರೆ ಅವರಿಗೆ ಬೇಕಾಗಿರುವುದು ಸ್ಪಷ್ಟ. ಸೋಮವಾರ ಇದನ್ನು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದರೆ ಒಬ್ಬರೇ ಶಿಕ್ಷಕರನ್ನು ಎರಡು ತರಗತಿಯವರು ಕಾಯುತ್ತಾರಾ? ಯಾವುದಾದರೂ ತರಗತಿ ಪಾಠವಿಲ್ಲದೆ ಸುಮ್ನೆ ಕೂರುತ್ತಾ? ಈ ಎರಡಕ್ಕೆ ಉತ್ತರ ಸಿಕ್ಕರೆ ಅವರ ಪ್ರಶ್ನೆಗೂ ಉತ್ತರ ಸಿಕ್ಕಂತೆ. ಗಣಿತ ಬೆಳಿಗ್ಗೆ ಇದ್ದರೆ ಚೆನ್ನ, ಆಟ ಕೊನೆಗೆ ಇರಲಿ ಅನ್ನುವಂಥ ಸಲಹೆಗಳು ಆಮೇಲಿನ ಮಾತು.

ಮೊದಲು ಫೋಟೋ ಸರಿಯಾಗಿ ಓದಿ

ಫೋಟೋ ನೋಡಿಕೊಂಡೇ ಪರಿಶೀಲಿಸಬೇಡಿ. ಒಂದು ಕಾಗದದ ಮೇಲೆ ಮನೆಗಳನ್ನು ಹಾಕಿ ನಕಲು ಮಾಡಿಕೊಳ್ಳಿ. ಕಾರಣ ಇದೆ. ಮೊಬೈಲ್ ಸ್ವಲ್ಪ ಓರೆ ಹಿಡಿದು ತೆಗೆದ ಫೋಟೋದಲ್ಲಿ ಸಾಲುಗಳೂ ಓರೆಯಾಗುತ್ತವೆ. ಎಡಗಡೆ 9ನೇ ತರಗತಿಯ ಸಾಲು ಹಿಡಿದು ಹೊರಟ ಕಣ್ಣು ಬಲಗಡೆ ಮುಟ್ಟುವಷ್ಟರಲ್ಲಿ 10ನೇ ತರಗತಿಗೆ ಇಳಿದಿರುತ್ತದೆ. ಒಂದೊಂದೇ ಮನೆ ಬರೆದುಕೊಂಡರೆ ಈ ಜಾರುವಿಕೆ ಗೊತ್ತಾಗುತ್ತದೆ, ಯಾಕಂದ್ರೆ ಕೊನೆಯಲ್ಲಿ ಒಂದು ಸಾಲಿಗೆ ಮನೆ ಕಡಿಮೆ ಬೀಳುತ್ತದೆ.

ಊಟದ ಕಾಲಂ ಇನ್ನೊಂದು ತೊಡಕು. 4ನೇ ಪಿರಿಯಡ್ ಆದ ಮೇಲೆ “ಊಟ” ಅಂತ ಉದ್ದುದ್ದ ಬರೆದ ಸಣ್ಣ ಕಾಲಂ ಇರುತ್ತದೆ. ಅದನ್ನೂ ಪಿರಿಯಡ್ ಅಂತ ಎಣಿಸಿದರೆ ಮಧ್ಯಾಹ್ನದ್ದೆಲ್ಲ ಒಂದೊಂದು ಮನೆ ಮುಂದೆ ಹೋಗುತ್ತದೆ. ಹಾಗಾಗಿ ಮೇಲಿನ ಸಾಲಿನಲ್ಲಿ ಬರೆದ ಪಿರಿಯಡ್ ಸಂಖ್ಯೆಯನ್ನೇ ಹಿಡಿಯಿರಿ, ಎಷ್ಟನೇ ಕಾಲಂ ಅಂತ ಎಣಿಸಬೇಡಿ.

ಅಕ್ಷರಗಳ ವಿಷಯದಲ್ಲಿ ಜಾಸ್ತಿ ಮೋಸ ಮಾಡುವುದು “ಸವಿ” ಮತ್ತು “ವಿ”. ಸಮಾಜ ವಿಜ್ಞಾನಕ್ಕೆ “ಸವಿ” ಅಂತ ಬರೆದಿರುತ್ತಾರೆ. ಹಾಳೆ ಮಡಿಸಿದ ಗೆರೆ “ಸ” ಮೇಲೆ ಬಿದ್ದರೆ ಅದು ವಿಜ್ಞಾನವಾಗಿ ಕಾಣುತ್ತದೆ. ಮಡಿಕೆಯ ಮೇಲೋ ಫ್ಲ್ಯಾಶ್ ಬೆಳಕು ಬಿದ್ದ ಕಡೆಯೋ ಇರುವ ಮನೆಗಳಿಗೆ ನಿಮ್ಮ ನಕಲಿನಲ್ಲಿ ಪ್ರಶ್ನೆ ಗುರುತು ಹಾಕಿ. ಊಹಿಸಿ ತುಂಬಬೇಡಿ.

ಒಂದು ದಿನದ ಉದಾಹರಣೆ

ಮೂರು ತರಗತಿ, ಏಳು ಪಿರಿಯಡ್ ಇರುವ ಸಣ್ಣ ಶಾಲೆ ಅಂದುಕೊಳ್ಳಿ. ಸೋಮವಾರದ ಪಟ್ಟಿ ಹೀಗಿದೆ:

| ತರಗತಿ | 1 | 2 | 3 | 4 | 5 | 6 | 7 |
|---|---|---|---|---|---|---|---|
| 8 | ಕ | ಗ | ಇಂ | ವಿ | ಹಿ | ಸವಿ | ದೈ |
| 9 | ಗ | ಇಂ | ಕ | ಸವಿ | ವಿ | ಹಿ | ದೈ |
| 10 | ಇಂ | ವಿ | ಗ | ಕ | ಸವಿ | | ಹಿ |

ಕ ಅಂದರೆ ಕನ್ನಡ, ಗ ಗಣಿತ, ಇಂ ಇಂಗ್ಲಿಷ್, ಹಿ ಹಿಂದಿ, ದೈ ದೈಹಿಕ ಶಿಕ್ಷಣ. ಒಂದೊಂದು ವಿಷಯಕ್ಕೆ ಒಬ್ಬೊಬ್ಬರೇ ಶಿಕ್ಷಕರು. ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತು ಇದೆ: “10ನೇ ವಿ. ಸೋಮ, ಬುಧ ಪಿಸಿಎಂ ಸರ್.” ಅಂದರೆ ಆ ಎರಡು ದಿನ ಹತ್ತನೇ ತರಗತಿಗೆ ವಿಜ್ಞಾನ ತೆಗೆದುಕೊಳ್ಳುವವರು ಗಣಿತದ ಶಿಕ್ಷಕರು. ಉಳಿದ ವಿಜ್ಞಾನ ಪಿರಿಯಡ್‌ಗಳೆಲ್ಲ ಸಿಬಿಝಡ್ ಮೇಡಂ ಅವರದು.

ಡಿಕ್ಕಿ ಹುಡುಕಬೇಕಾದರೆ ಅಡ್ಡ ಓದಿದರೆ ಪ್ರಯೋಜನವಿಲ್ಲ. ಒಂದು ತರಗತಿಯ ಸಾಲು ಆ ಮಕ್ಕಳ ದಿನವನ್ನು ತೋರಿಸುತ್ತದೆ, ಅಷ್ಟೇ. ಡಿಕ್ಕಿ ಆಗುವುದು ಒಂದೇ ಹೊತ್ತಿನಲ್ಲಿ ಎರಡು ತರಗತಿಗಳ ನಡುವೆ. ಅದಕ್ಕೇ ಮೇಲಿಂದ ಕೆಳಗೆ ಓದಬೇಕು. 1ನೇ ಪಿರಿಯಡ್: ಕ, ಗ, ಇಂ. ಬೇರೆ ಬೇರೆ, ಸರಿ. 2ನೇದು: ಗ, ಇಂ, ವಿ. ಇದೂ ಬೇರೆ ಬೇರೆಯೇ. 3, 4, 5, 6 ಕೂಡ ಹಾಗೇ. 7ರಲ್ಲಿ ಮಾತ್ರ 8ಕ್ಕೂ 9ಕ್ಕೂ “ದೈ” ಇದೆ.

ಇಲ್ಲಿಗೆ ನಿಲ್ಲಿಸಿದರೆ ಉತ್ತರ ಎರಡು ಕಡೆಯೂ ತಪ್ಪುತ್ತದೆ.

7ನೇ ಪಿರಿಯಡ್‌ನದು ಡಿಕ್ಕಿ ಅಲ್ಲದೇ ಇರಬಹುದು. ಎರಡು ತರಗತಿಯ ಮಕ್ಕಳನ್ನು ಸೇರಿಸಿ ಮೈದಾನಕ್ಕೆ ಕರೆದುಕೊಂಡು ಹೋಗುವುದು ಒಬ್ಬರೇ ದೈಹಿಕ ಶಿಕ್ಷಕರಿರುವ ಶಾಲೆಯಲ್ಲಿ ಸಾಮಾನ್ಯ. ಬೇಕೆಂದೇ ಹಾಗೆ ಹಾಕಿರಬಹುದು. ಅದನ್ನು ತಪ್ಪು ಅಂತ ಬರೆಯಬೇಡಿ, “ಸೇರಿಸಿ ಆಡಿಸುತ್ತೀರಾ?” ಅಂತ ಕೇಳಿ.

ನಿಜವಾದ ಡಿಕ್ಕಿ ಇರುವುದು 2ನೇ ಪಿರಿಯಡ್‌ನಲ್ಲಿ. ಅಕ್ಷರ ಬೇರೆ, ಮನುಷ್ಯ ಒಬ್ಬರೇ. ಗಣಿತದ ಸರ್ 8ನೇ ತರಗತಿಯಲ್ಲಿ “ಗ” ಪಾಠ ಮಾಡಬೇಕು, ಅದೇ ಹೊತ್ತಿಗೆ 10ರಲ್ಲಿ “ವಿ” ಪಾಠವನ್ನೂ ಮಾಡಬೇಕು. ವಿಷಯದ ಅಕ್ಷರ ಮಾತ್ರ ಹೋಲಿಸಿದರೆ ಇದು ಸಿಗುವುದೇ ಇಲ್ಲ. ಆದ್ದರಿಂದ ನಕಲು ಮಾಡುವಾಗಲೇ ಪ್ರತಿ ಮನೆಯಲ್ಲಿ ವಿಷಯದ ಪಕ್ಕ ಪಾಠ ಮಾಡುವವರ ಗುರುತನ್ನೂ ಬರೆದುಕೊಳ್ಳಿ. ಫೋಟೋದಲ್ಲಿ ಆ ವಿವರ ಇಲ್ಲದಿದ್ದರೆ ಡಿಕ್ಕಿ ಇಲ್ಲ ಅಂತ ಹೇಳಲು ಬರುವುದಿಲ್ಲ. ಯಾರು ಯಾವ ತರಗತಿಗೆ ಏನು ತೆಗೆದುಕೊಳ್ಳುತ್ತಾರೆ ಅಂತ ಮೊದಲು ಕೇಳಬೇಕು.

ಶಿಕ್ಷಕರವಾರು ಸಾಲು

ಅನುಮಾನ ಬಂದವರಿಗೆ ಒಂದು ಪ್ರತ್ಯೇಕ ಸಾಲು ಹಾಕಿ ನೋಡಿ. ಗಣಿತದ ಸರ್ ಸೋಮವಾರ: 1ರಲ್ಲಿ 9ನೇ ತರಗತಿ, 2ರಲ್ಲಿ 8 ಮತ್ತು 10, 3ರಲ್ಲಿ 10, ಆಮೇಲೆ 4ರಿಂದ 7ರವರೆಗೆ ಖಾಲಿ. ಒಂದೇ ಮನೆಯಲ್ಲಿ ಎರಡು ತರಗತಿ ಬಂದಿದ್ದೇ ಡಿಕ್ಕಿ. ಖಾಲಿ ಇರುವ ನಾಲ್ಕು ಮನೆ ಅವರ ಲೀಜರ್. ಡಿಕ್ಕಿಯನ್ನೂ ಅದನ್ನು ಸರಿಪಡಿಸುವ ಜಾಗವನ್ನೂ ಈ ಒಂದು ಸಾಲೇ ತೋರಿಸುತ್ತದೆ. ಹೆಚ್ಚು ತರಗತಿಗಳಿಗೆ ಹೋಗುವವರಿಗೆ, ಎರಡು ವಿಷಯ ತೆಗೆದುಕೊಳ್ಳುವವರಿಗೆ, ಅತಿಥಿ ಶಿಕ್ಷಕರಿಗೆ ಈ ಸಾಲು ತಪ್ಪದೆ ಹಾಕಿ. ಉಳಿದವರಿಗೆ ಕಾಲಂ ಓದಿದರೆ ಸಾಕು.

ಈಗ ಪರಿಹಾರ. ಮೊದಲು ಹೊಳೆಯುವುದು 10ನೇ ತರಗತಿಯ ವಿಜ್ಞಾನವನ್ನು ಖಾಲಿ ಇರುವ 6ನೇ ಪಿರಿಯಡ್‌ಗೆ ಎತ್ತಿ ಹಾಕುವುದು. ಸರ್ ಅಲ್ಲಿ ಬಿಡುವಾಗಿದ್ದಾರೆ, ಡಿಕ್ಕಿ ಹೋಗುತ್ತದೆ. ಆದರೆ 2ನೇ ಪಿರಿಯಡ್ ಖಾಲಿ ಬೀಳುತ್ತದೆ. 6ನೇದನ್ನು ಬೇಕೆಂದೇ ಬಿಟ್ಟಿದ್ದರೆ ಅವರ ಲೆಕ್ಕವೇ ಕೆಡುತ್ತದೆ. ಇನ್ನೊಂದು ದಾರಿ ನೋಡಿ: 10ನೇ ತರಗತಿಯಲ್ಲಿ 2ನೇ ಪಿರಿಯಡ್‌ನ ವಿಜ್ಞಾನವನ್ನೂ 7ನೇ ಪಿರಿಯಡ್‌ನ ಹಿಂದಿಯನ್ನೂ ಅದಲು ಬದಲು ಮಾಡುವುದು. 2ರಲ್ಲಿ ಹಿಂದಿ ಶಿಕ್ಷಕರು ಬಿಡುವಾಗಿದ್ದಾರೆ, ಅವರ ಉಳಿದ ಪಾಠ 5 ಮತ್ತು 6ರಲ್ಲಿ. ಗಣಿತದ ಸರ್ 7ರಲ್ಲಿ ಬಿಡುವಾಗಿದ್ದಾರೆ. ಖಾಲಿ ಮನೆ ಇದ್ದಲ್ಲೇ ಇರುತ್ತದೆ, 8 ಮತ್ತು 9ರ ಸಾಲನ್ನು ಮುಟ್ಟುವುದೇ ಇಲ್ಲ. ಕೇಳಿದವರು ಹಾಳೆಯಲ್ಲಿ ಎರಡೇ ಮನೆ ತಿದ್ದಿದರೆ ಆಯಿತು. ನನಗೆ ಇದೇ ಒಳ್ಳೆಯದು ಅನ್ನಿಸುತ್ತದೆ. ಗಣಿತದ ಸರ್‌ಗೆ ಬೆಳಿಗ್ಗೆ ಮೂರು ಪಿರಿಯಡ್ ಒಂದರ ಹಿಂದೆ ಒಂದು ಇರುವುದು ನಿಜ. ಅದು ದಣಿವಿನ ವಿಷಯ, ಡಿಕ್ಕಿ ಅಲ್ಲ. ಬೇಕಿದ್ದರೆ ಕೊನೆಯಲ್ಲಿ ಒಂದು ಮಾತು ಹೇಳಿ.

ಖಾಲಿ ಮನೆ ನಿಜವಾಗಿ ಖಾಲಿಯಾ?

10ನೇ ತರಗತಿಯ 6ನೇ ಪಿರಿಯಡ್‌ಗೆ ಮೂರು ಅರ್ಥ ಇರಬಹುದು. ಬರೆಯಲು ಮರೆತಿರಬಹುದು, ಗ್ರಂಥಾಲಯಕ್ಕೋ ಪರಿಹಾರ ಬೋಧನೆಗೋ ಬಿಟ್ಟಿರಬಹುದು, ಇಲ್ಲವೇ ಪೆನ್ಸಿಲ್‌ನಲ್ಲಿ ಬರೆದದ್ದು ಫೋಟೋದಲ್ಲಿ ಮೂಡದೇ ಇರಬಹುದು. ಫೋಟೋ ದೊಡ್ಡದು ಮಾಡಿ ನೋಡಿ. ಉಜ್ಜಿದ ಗುರುತೋ ಬಿಳಿ ಹೊಳಪೋ ಕಂಡರೆ ಮೂಲ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಬಂದರೆ ಸಣ್ಣ ಅಕ್ಷರ ಮಸುಕಾಗುತ್ತದೆ.

ಇನ್ನೊಂದು ಸುಳಿವು ವಾರದ ಲೆಕ್ಕ. ಯಾವ ವಿಷಯಕ್ಕೆ ವಾರಕ್ಕೆ ಎಷ್ಟು ಪಿರಿಯಡ್ ಅಂತ ಹಾಳೆಯ ಪಕ್ಕದಲ್ಲಿ ಬರೆದಿದ್ದರೆ ಎಣಿಸಿ ನೋಡಿ. ಹತ್ತನೇ ತರಗತಿಗೆ “ದೈ 2” ಅಂತ ಬರೆದಿದ್ದು ಇಡೀ ವಾರದಲ್ಲಿ ಒಂದೇ ಸಿಕ್ಕರೆ, ಸೋಮವಾರದ ಖಾಲಿ ಮನೆ ಅದರದ್ದೇ ಇರಬಹುದು. ದೈಹಿಕ ಶಿಕ್ಷಕರಿಗೆ 6ನೇ ಪಿರಿಯಡ್‌ನಲ್ಲಿ ಬೇರೆ ತರಗತಿ ಇಲ್ಲ ಅನ್ನುವುದೂ ಇದಕ್ಕೆ ಹೊಂದುತ್ತದೆ. ಆದರೂ ಇದು ಅಂದಾಜೇ, ಅವರನ್ನು ಕೇಳಿಯೇ ಖಚಿತ ಮಾಡಿಕೊಳ್ಳಬೇಕು. ಹಾಗಲ್ಲ, ಮನೆ ಖಾಲಿಯೇ ಅಂದರೆ ಆ ಹೊತ್ತಿಗೆ ಯಾರು ಬಿಡುವಾಗಿದ್ದಾರೆ ಅಂತ ಹೇಳಿಬಿಡಿ: ಸಮಾಜದವರು 8ರಲ್ಲಿ, ಹಿಂದಿಯವರು 9ರಲ್ಲಿ ಇದ್ದಾರೆ, ಉಳಿದ ಐದೂ ಜನ ಬಿಡುವು. ಎಸ್ಸೆಸ್ಸೆಲ್ಸಿ ಮಕ್ಕಳ ಜೊತೆ ಯಾರಾದರೂ ಕೂರಬಹುದು.

ಶನಿವಾರದ ಸಾಲಿನಲ್ಲಿ ಮಾತ್ರ ಅವಸರ ಮಾಡಬೇಡಿ. ಬೆಳಗಿನ ಅರ್ಧ ದಿನದ ಶಾಲೆ ಇದ್ದರೆ ಕೊನೆಯ ಮನೆಗಳು ಖಾಲಿ ಇರಲೇಬೇಕು.

ಫೋಟೋದಲ್ಲಿ ಇಲ್ಲದ್ದು

ನಮ್ಮ ಭಾಗದಲ್ಲಿ ಒಂದೇ ಆವರಣದಲ್ಲಿ ಕನ್ನಡ ಮಾಧ್ಯಮವೂ ಉರ್ದು ಮಾಧ್ಯಮವೂ ನಡೆಯುವ ಶಾಲೆಗಳಿವೆ. ಹಿಂದಿಗೋ ಆಟಕ್ಕೋ ಎರಡೂ ಕಡೆ ಒಬ್ಬರೇ ಹೋಗುತ್ತಿದ್ದರೆ, ಅವರ ಉಳಿದ ಪಿರಿಯಡ್‌ಗಳು ಇನ್ನೊಂದು ಹಾಳೆಯಲ್ಲಿರುತ್ತವೆ. ಈ ಹಾಳೆಯಲ್ಲಿ ಬಿಡುವು ಅಂತ ಕಾಣುವ 2ನೇ ಪಿರಿಯಡ್‌ನಲ್ಲಿ ಹಿಂದಿ ಶಿಕ್ಷಕರು ಉರ್ದು ವಿಭಾಗದಲ್ಲಿರಬಹುದು. ಆಗ ನಾವು ಹೇಳಿದ ಅದಲು ಬದಲು ಬಿದ್ದುಹೋಗುತ್ತದೆ. ಆದ್ದರಿಂದ “ಈ ಹಾಳೆಯ ಪ್ರಕಾರ” ಅನ್ನುವ ಮಾತು ಉತ್ತರದಲ್ಲಿ ಇರಲಿ.

ಇಷ್ಟೆಲ್ಲ ನೋಡಿದ ಮೇಲೆ ಬರೆಯುವ ಉತ್ತರ ಚಿಕ್ಕದು. ಹೀಗೆ ಬರೆಯಬಹುದು:

“ಮೇಡಂ, ಸೋಮವಾರದ್ದು ಹೀಗೇ ನಡೆಯೋದಿಲ್ರಿ. 2ನೇ ಪಿರಿಯಡ್‌ನಲ್ಲಿ ಗಣಿತದ ಸರ್‌ಗೆ 8 ಮತ್ತು 10 ಎರಡೂ ಬಂದಾವ. 10ರಲ್ಲಿ 2ನೇದು, 7ನೇದು ಅದಲು ಬದಲು ಮಾಡಿದ್ರ ಈ ಹಾಳೆಯ ಪ್ರಕಾರ ಸರಿ ಹೋಗ್ತದ. ಹಿಂದಿಯವರಿಗೆ ಉರ್ದು ವಿಭಾಗದಾಗ ಆವಾಗ ಕ್ಲಾಸ್ ಇಲ್ಲ ಅಲ್ರಿ? 10ನೇ ಕ್ಲಾಸಿನ 6ನೇ ಪಿರಿಯಡ್ ಖಾಲಿ ಕಾಣ್ತದ, ಬೇಕಂತಲೇ ಬಿಟ್ಟೀರೇನ್ರಿ? 7ರಲ್ಲಿ 8, 9 ಸೇರಿಸಿ ಆಡಸ್ತಾರಂತ ತಿಳ್ಕೊಂಡೀನಿ.”

ತಿದ್ದಿದ ಫೋಟೋ ಮತ್ತೆ ಬಂದಾಗ ಇಡೀ ಪಟ್ಟಿ ಓದಬೇಕಿಲ್ಲ. ಬದಲಾದ 2 ಮತ್ತು 7ನೇ ಕಾಲಂಗಳನ್ನು ಮೇಲಿಂದ ಕೆಳಗೆ ಓದಿ, ಗಣಿತ ಮತ್ತು ಹಿಂದಿ ಶಿಕ್ಷಕರ ಸಾಲನ್ನು ಇನ್ನೊಮ್ಮೆ ಹಾಕಿ. ಅವರು ಅದರ ಜೊತೆಗೆ ಬೇರೆ ಮನೆಗಳನ್ನೂ ತಿದ್ದಿದ್ದರೆ ಆ ಕಾಲಂಗಳನ್ನೂ ಹಾಗೇ ನೋಡಿ. ಅದಲು ಬದಲು ಒಂದೇ ದಿನದೊಳಗೆ ಆಗಿದ್ದರೆ ವಾರದ ಲೆಕ್ಕ ಬದಲಾಗುವುದಿಲ್ಲ. ಬೇರೆ ದಿನಕ್ಕೆ ಪಾಠ ಹೋಗಿದ್ದರೆ ಮಾತ್ರ ಆ ವಿಷಯವನ್ನು ವಾರಪೂರ್ತಿ ಮತ್ತೆ ಎಣಿಸಿ. 10ನೇ ತರಗತಿಯ ವಿಜ್ಞಾನ ಸೋಮವಾರದಿಂದ ಮಂಗಳವಾರಕ್ಕೆ ಹೋಗಿದ್ದರೆ ಅದನ್ನು ಯಾರು ತೆಗೆದುಕೊಳ್ಳುತ್ತಾರೆ ಅನ್ನುವುದನ್ನೂ ಮತ್ತೆ ಕೇಳಬೇಕು, ಯಾಕಂದ್ರೆ ಹಾಳೆಯ ಪ್ರಕಾರ ಪಿಸಿಎಂ ಸರ್ ಅವರದು ಸೋಮ, ಬುಧ ಮಾತ್ರ.