ಶಿಖರ ಕುಗ್ಗಿದ್ದು ಎಲ್ಲಿ? ಎರಡನೇ ದರ್ಜೆಯ ಲೋ-ಪಾಸ್ ಫಿಲ್ಟರಿನ ಬೋಡೆ ನಕ್ಷೆ

ಲೆಕ್ಕದ ಪ್ರಕಾರ ಫಿಲ್ಟರಿನ ಔಟ್‌ಪುಟ್ ಶಿಖರದಲ್ಲಿ ಇನ್‌ಪುಟ್‌ನ 2.61 ಪಟ್ಟು ಬರಬೇಕಿತ್ತು. ಆಸಿಲೋಸ್ಕೋಪಿನಲ್ಲಿ ಬಂದದ್ದು 1.15. ಧಾರವಾಡದ ನಮ್ಮ ಪ್ರಯೋಗಾಲಯದಲ್ಲಿ, ಹೊರಗೆ ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ಮಧ್ಯಾಹ್ನವೆಲ್ಲ ಈ ಎರಡು ಸಂಖ್ಯೆಗಳ ಜಗಳ ಬಿಡಿಸುವುದರಲ್ಲೇ ಕಳೆಯಿತು. ಗದಗದಿಂದ ದಿನವೂ ರೈಲಿನಲ್ಲಿ ಓಡಾಡುವ ನನ್ನ ಗೆಳೆಯ, "ರೆಕಾರ್ಡ್ ಪುಸ್ತಕದಲ್ಲಿ ಲೆಕ್ಕದ ಸಂಖ್ಯೆಯನ್ನೇ ಬರೆದುಬಿಡೋಣ, ನನಗೆ ಗಾಡಿ ತಪ್ಪುತ್ತದೆ" ಎಂದ. ಬರೆಯಲಿಲ್ಲ. ಬರೆದಿದ್ದರೆ ಈ ಟಿಪ್ಪಣಿಯಲ್ಲಿ ಹೇಳಲು ಏನೂ ಇರುತ್ತಿರಲಿಲ್ಲ.

ಸರ್ಕ್ಯೂಟ್ ಸರಳವಾದದ್ದು. 39 ಓಮ್ ರೆಸಿಸ್ಟರ್, ಹುಬ್ಬಳ್ಳಿಯ ಅಂಗಡಿಯೊಂದರಿಂದ ತಂದ 10 ಮಿಲಿಹೆನ್ರಿ ಕಾಯಿಲ್, 1 ಮೈಕ್ರೋಫ್ಯಾರಡ್ ಕೆಪಾಸಿಟರ್, ಮೂರೂ ಸರಣಿಯಲ್ಲಿ. ಔಟ್‌ಪುಟ್ ಕೆಪಾಸಿಟರಿನ ಎರಡು ತುದಿಗಳ ನಡುವೆ. ಕಡಿಮೆ ಆವರ್ತನದ ಸಂಕೇತ ಹಾಗೆಯೇ ದಾಟುತ್ತದೆ, ಹೆಚ್ಚಿನದು ಸೋರಿಹೋಗುತ್ತದೆ. ಇಂಥ ಎಲ್ಲ ಸರ್ಕ್ಯೂಟುಗಳನ್ನೂ ಒಂದೇ ಅಚ್ಚಿಗೆ ತರಬಹುದು:

```
H(s) = ωn² / (s² + 2ζωn s + ωn²)
ωn = 1/√(LC)      ζ = (R/2)·√(C/L)
```

ನಮ್ಮ ಬೆಲೆಗಳನ್ನು ಹಾಕಿದರೆ ωn ಸೆಕೆಂಡಿಗೆ 10000 ರೇಡಿಯನ್, ಅಂದರೆ ಸುಮಾರು 1592 ಹರ್ಟ್ಸ್. √(C/L) ಎಂಬುದು 0.01 ಆಗುವುದರಿಂದ ಡ್ಯಾಂಪಿಂಗ್ ಅನುಪಾತ ζ = R/200. ಈ ಸಣ್ಣ ಸೂತ್ರವನ್ನು ನೆನಪಿನಲ್ಲಿಡಿ, ಕೊನೆಯವರೆಗೂ ಬೇಕಾಗುತ್ತದೆ. 39 ಓಮ್‌ಗೆ ζ = 0.195.

ಆವರ್ತನ ಏರಿದಂತೆ ವರ್ಧನೆ ಎಷ್ಟು ಡೆಸಿಬೆಲ್ ಎಂದು ತೋರಿಸುವ ಬೋಡೆ ನಕ್ಷೆಯನ್ನು ಸೆಮಿ-ಲಾಗ್ ಹಾಳೆಯಲ್ಲಿ ಬಿಡಿಸಲು ಎಲ್ಲರೂ ಮೊದಲು ಎರಡು ಸರಳರೇಖೆ ಎಳೆಯುತ್ತೇವೆ. ωn ತನಕ 0 ಡೆಸಿಬೆಲ್‌ನಲ್ಲಿ ಮಟ್ಟಸವಾದ ರೇಖೆ. ಅಲ್ಲಿಂದಾಚೆ ಆವರ್ತನ ಹತ್ತು ಪಟ್ಟಾದಾಗಲೆಲ್ಲ 40 ಡೆಸಿಬೆಲ್ ಇಳಿಯುವ ಜಾರುರೇಖೆ. ಈ ಎರಡೂ ರೇಖೆಗಳಲ್ಲಿ ζ ಎಲ್ಲಿಯೂ ಇಲ್ಲ ಎಂಬುದನ್ನು ಗಮನಿಸಿ. ಡ್ಯಾಂಪಿಂಗ್ 0.05 ಇರಲಿ, 0.9 ಇರಲಿ, ರೇಖೆಗಳು ಅವೇ. ಫಿಲ್ಟರಿನ ಸ್ವಭಾವವೆಲ್ಲ ಅಡಗಿರುವುದು ಎರಡೂ ರೇಖೆಗಳು ಸೇರುವ ಮೂಲೆಯ ಅಕ್ಕಪಕ್ಕದ ತಿದ್ದುಪಡಿಯಲ್ಲಿ. ಪರೀಕ್ಷೆಯಲ್ಲಿ ಅಂಕ ಹೋಗುವುದೂ ಅಲ್ಲಿಯೇ.

u = ω/ωn ಎಂದಿಟ್ಟುಕೊಂಡರೆ ವರ್ಧನೆಯ ಪ್ರಮಾಣ ಹೀಗಿದೆ:

```
|H| = 1/√D,   D = (1 − u²)² + 4ζ²u²
```

ಶಿಖರ ಸಿಗಬೇಕಾದರೆ D ಕನಿಷ್ಠವಾಗಬೇಕು. ತರಗತಿಯಲ್ಲಿ ಇದಕ್ಕೆ ಅವಕಲನ ಮಾಡಿಸುತ್ತಾರೆ. ನನಗೆ ಹೈಸ್ಕೂಲಿನಲ್ಲಿ ಕಲಿತ ವರ್ಗಪೂರ್ಣಗೊಳಿಸುವ ವಿಧಾನವೇ ಇಷ್ಟ, ಏಕೆಂದರೆ ಅದರಲ್ಲಿ ಶಿಖರದ ಜಾಗ, ಎತ್ತರ ಎರಡೂ ಒಂದೇ ಸಾಲಿನಲ್ಲಿ ಬಂದು ಕೂರುತ್ತವೆ:

```
D = [u² − (1 − 2ζ²)]² + 4ζ²(1 − ζ²)
```

ಚೌಕ ಆವರಣದ ವರ್ಗ ಸೊನ್ನೆಗಿಂತ ಕೆಳಗೆ ಇಳಿಯಲಾರದು. ಅದು ಸೊನ್ನೆಯಾಗುವುದು u² = 1 − 2ζ² ಆದಾಗ; ಅದೇ ಶಿಖರದ ಜಾಗ. ಆಗ ಉಳಿಯುವುದು ಎರಡನೆಯ ಪದ ಮಾತ್ರ, ಅದರಿಂದ ಎತ್ತರ:

```
ωr = ωn·√(1 − 2ζ²)
Mr = 1 / (2ζ√(1 − ζ²))
```

ಎತ್ತರದ ಸೂತ್ರದಲ್ಲಿ ωn ಇಲ್ಲ. ಕೆಪಾಸಿಟರಿನ ಬೆಲೆ ಹತ್ತು ಪ್ರತಿಶತ ಆಚೀಚೆಯಾದರೆ ಶಿಖರ ಪಕ್ಕಕ್ಕೆ ಸರಿಯುತ್ತದೆ. ಎತ್ತರ ಬದಲಾಗುವುದು ζ ಬದಲಾದಷ್ಟು ಮಾತ್ರ. ಇನ್ನು 1 − 2ζ² ಋಣವಾದರೆ, ಅಂದರೆ ζ 0.707ಕ್ಕಿಂತ ಹೆಚ್ಚಾದರೆ, ಅಂಥ u ಇಲ್ಲವೇ ಇಲ್ಲ. ಆಗ ವಕ್ರರೇಖೆ 0 ಡೆಸಿಬೆಲ್‌ನಿಂದ ಹೊರಟು ಇಳಿಯುತ್ತಲೇ ಹೋಗುತ್ತದೆ. ಸೂತ್ರಕ್ಕೆ ಇದು ಗೊತ್ತಿಲ್ಲ; ζ = 0.9 ಎಂದು ಕೊಟ್ಟರೂ Mr ಎಂದು 1.27 ಕಕ್ಕುತ್ತದೆ. ಅದು ಇಲ್ಲದ ಶಿಖರದ ಎತ್ತರ. ಆದ್ದರಿಂದ ಎತ್ತರದ ಸೂತ್ರಕ್ಕೆ ಕೈಹಾಕುವ ಮೊದಲು ζ ಎಷ್ಟಿದೆ ಎಂದು ನೋಡಿಕೊಳ್ಳಬೇಕು.

ತುಂಬ ಜನ ಎಡವುವ ಇನ್ನೊಂದು ಜಾಗ ಮೂಲೆಯದು. u = 1 ಆದಾಗ |H| = 1/(2ζ). ಇದನ್ನೇ ಶಿಖರದ ಎತ್ತರ ಎಂದುಕೊಳ್ಳುವುದು ರೂಢಿಯಾಗಿದೆ. ζ = 0.2 ಇದ್ದಾಗ ತಪ್ಪು ಕಾಣಿಸುವುದಿಲ್ಲ: ಮೂಲೆಯಲ್ಲಿ 7.96 ಡೆಸಿಬೆಲ್, ನಿಜವಾದ ಶಿಖರ 8.14. ಆದರೆ ζ = 0.5 ಹಾಕಿ ನೋಡಿ. ಮೂಲೆಯಲ್ಲಿ ವಕ್ರರೇಖೆ ಸರಿಯಾಗಿ 0 ಡೆಸಿಬೆಲ್‌ನಲ್ಲಿರುತ್ತದೆ, ಸರಳರೇಖೆಗಳು ಸೇರುವ ಬಿಂದುವಿನ ಮೇಲೆಯೇ. ಅದನ್ನು ನೋಡಿ ಶಿಖರವಿಲ್ಲ ಎಂದು ಬರೆದರೆ ಕೆಟ್ಟಿರಿ. ಶಿಖರ ಮೂಲೆಗಿಂತ ಎಡಕ್ಕೆ, 0.707 ωn ಬಳಿ, 1.25 ಡೆಸಿಬೆಲ್ ಎತ್ತರದಲ್ಲಿ ಕುಳಿತಿರುತ್ತದೆ. ಡ್ಯಾಂಪಿಂಗ್ ಹೆಚ್ಚಿದಂತೆ ಶಿಖರ ಕುಗ್ಗುವುದಷ್ಟೇ ಅಲ್ಲ, ಎಡಕ್ಕೆ ಜಾರುತ್ತಲೂ ಹೋಗುತ್ತದೆ.

ಈಗ ನಮ್ಮ ಮೇಜಿಗೆ ಬರೋಣ. ζ = 0.195 ಆದರೆ ಶಿಖರ 1530 ಹರ್ಟ್ಸ್ ಬಳಿ 2.61 ಪಟ್ಟು, ಅಂದರೆ 8.3 ಡೆಸಿಬೆಲ್. ಫಂಕ್ಷನ್ ಜನರೇಟರನ್ನು 100 ಹರ್ಟ್ಸ್‌ನಲ್ಲಿ 1 ವೋಲ್ಟ್ ವೈಶಾಲ್ಯಕ್ಕೆ ಹೊಂದಿಸಿ, ಆಮೇಲೆ ಅದರ ಗುಂಡಿಯನ್ನು ಮುಟ್ಟದೆ ಆವರ್ತನವನ್ನಷ್ಟೇ ಏರಿಸುತ್ತ ಹೋದೆವು. ಔಟ್‌ಪುಟ್ ನಿಧಾನವಾಗಿ ಏರಿ 1.15 ವೋಲ್ಟ್ ತಲುಪಿ ಇಳಿಯತೊಡಗಿತು. ಅದೂ 1100 ಹರ್ಟ್ಸ್ ಸುಮಾರಿಗೆ. "ಸುಮಾರಿಗೆ" ಎಂದು ಬೇಕೆಂದೇ ಬರೆದಿದ್ದೇನೆ: 1000ದಿಂದ 1230 ಹರ್ಟ್ಸ್‌ವರೆಗೆ ಔಟ್‌ಪುಟ್ ಒಂದು ಪ್ರತಿಶತವೂ ಬದಲಾಗಲಿಲ್ಲ. ಶಿಖರ ಎಂದು ಕರೆಯುತ್ತೇವಾದರೂ ಆಕಾರ ಮಾತ್ರ ಮಗುಚಿಟ್ಟ ಬಾಣಲೆಯ ಬೆನ್ನಿನದು. ಹೀಗಾಗಿ ಶಿಖರದ ಜಾಗ ಅಳೆದು ಅದರಿಂದ ζ ಕಂಡುಹಿಡಿಯಲು ಹೋಗಬಾರದು. ಎತ್ತರವನ್ನು ಮಾತ್ರ ನಿಖರವಾಗಿ ಓದಬಹುದು.

ಎತ್ತರದಿಂದ ಹಿಂದಕ್ಕೆ ಹೋಗುವ ದಾರಿ ಹೀಗೆ. Mr ಸೂತ್ರವನ್ನು ವರ್ಗ ಮಾಡಿದರೆ ζ²ದಲ್ಲಿ ಒಂದು ವರ್ಗ ಸಮೀಕರಣ ಬರುತ್ತದೆ. ಅದನ್ನು ಬಿಡಿಸಿದರೆ:

```
ζ² = (1 − √(1 − 1/Mr²)) / 2
```

ಸಮೀಕರಣಕ್ಕೆ ಎರಡು ಮೂಲಗಳಿವೆ. ಧನ ಚಿಹ್ನೆಯದು 0.707ಕ್ಕಿಂತ ದೊಡ್ಡ ζ ಕೊಡುತ್ತದೆ. ಅಲ್ಲಿ ಶಿಖರವೇ ಇಲ್ಲವಾದ್ದರಿಂದ ಅದನ್ನು ಬಿಡಬೇಕು. Mr = 1.15 ಹಾಕಿದಾಗ 1/Mr² = 0.756, ಅದನ್ನು ಒಂದರಿಂದ ಕಳೆದು ವರ್ಗಮೂಲ ತೆಗೆದರೆ 0.494, ಆದ್ದರಿಂದ ζ² = 0.253 ಮತ್ತು ζ = 0.503. ಇನ್ನು R = 200ζ, ಅಂದರೆ ಸುಮಾರು 101 ಓಮ್.

ನಾವು ಹಾಕಿದ್ದು 39. ಉಳಿದ 62 ಓಮ್ ಎಲ್ಲಿಂದ ಬಂತು?

ಗೆಳೆಯ ರೆಸಿಸ್ಟರಿನ ಬಣ್ಣದ ಪಟ್ಟಿಗಳನ್ನು ಮೂರು ಸಲ ಓದಿದ: ಕಿತ್ತಳೆ, ಬಿಳಿ, ಕಪ್ಪು. ತಪ್ಪಿರಲಿಲ್ಲ. ಕಾಯಿಲನ್ನು ಸರ್ಕ್ಯೂಟಿನಿಂದ ಬಿಡಿಸಿ ಮಲ್ಟಿಮೀಟರ್ ಹಿಡಿದಾಗ 12 ಓಮ್ ತೋರಿಸಿತು. ತೆಳು ತಾಮ್ರದ ತಂತಿಯನ್ನು ಅಷ್ಟು ಸುತ್ತು ಸುತ್ತಿದ ಮೇಲೆ ಅದಕ್ಕೆ ತನ್ನದೇ ಪ್ರತಿರೋಧ ಇರಲೇಬೇಕಲ್ಲ. ಇನ್ನು 50 ಬಾಕಿ. ಈ ಸಂಖ್ಯೆ ಕೇಳಿದ ಕೂಡಲೇ ಅನುಭವಸ್ಥರು ನಗುತ್ತಾರೆ, ನಮಗೆ ಆಗ ಹೊಳೆಯಲಿಲ್ಲ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮೇಡಂ ಒಂದೇ ಪ್ರಶ್ನೆ ಕೇಳಿದರು: "ಇನ್‌ಪುಟ್ ಈಗಲೂ 1 ವೋಲ್ಟ್ ಇದೆಯೇ, ನೋಡಿದ್ದೀರಾ?"

ನೋಡಿರಲಿಲ್ಲ. ಆಸಿಲೋಸ್ಕೋಪಿನ ಮೊದಲ ಚಾನೆಲನ್ನು ಜನರೇಟರಿನ ಮೂತಿಗೇ ಜೋಡಿಸಿ, ಎರಡನೆಯದನ್ನು ಕೆಪಾಸಿಟರಿನ ಮೇಲೆ ಬಿಟ್ಟು, ಆವರ್ತನವನ್ನು ಮತ್ತೆ ಏರಿಸಿದೆವು. 100 ಹರ್ಟ್ಸ್‌ನಲ್ಲಿ 1 ವೋಲ್ಟ್ ಇದ್ದ ಇನ್‌ಪುಟ್ 1592 ಹರ್ಟ್ಸ್ ಹೊತ್ತಿಗೆ ಅರ್ಧಕ್ಕೆ ಕುಸಿದಿತ್ತು: 0.505 ವೋಲ್ಟ್. ಆ ಆವರ್ತನದಲ್ಲಿ ಕಾಯಿಲ್ ಮತ್ತು ಕೆಪಾಸಿಟರಿನ ತಡೆಗಳು ಒಂದನ್ನೊಂದು ಅಳಿಸಿಹಾಕುತ್ತವೆ; ಜನರೇಟರಿಗೆ ಕಾಣುವುದು ಬರೀ 39 + 12 = 51 ಓಮ್. ಜನರೇಟರಿನೊಳಗೇ 50 ಓಮ್ ಔಟ್‌ಪುಟ್ ಪ್ರತಿರೋಧ ಇರುವುದರಿಂದ ವೋಲ್ಟೇಜ್ 51/101ರ ಪ್ರಮಾಣದಲ್ಲಿ ಹಂಚಿಹೋಗುತ್ತದೆ. 100 ಹರ್ಟ್ಸ್‌ನಲ್ಲಿ ಕೆಪಾಸಿಟರಿನ ತಡೆಯೇ 1600 ಓಮ್ ಆಸುಪಾಸು ಇದ್ದುದರಿಂದ ಈ 50 ಓಮ್ ತಲೆ ತೋರಿಸಿರಲಿಲ್ಲ.

ಅದೇ ಆವರ್ತನದಲ್ಲಿ ಕೆಪಾಸಿಟರಿನ ಮೇಲೆ 0.99 ವೋಲ್ಟ್ ಇತ್ತು. ಈ ಒಂದು ಸಂಖ್ಯೆಯನ್ನು ಎರಡು ರೀತಿಯಲ್ಲಿ ಓದಬಹುದು. ಗುಂಡಿಯಲ್ಲಿ ಹೊಂದಿಸಿದ 1 ವೋಲ್ಟ್‌ಗೆ ಹೋಲಿಸಿದರೆ 1/(2ζ) = 0.99, ಅಂದರೆ ζ = 0.505, ಇದು ಜನರೇಟರನ್ನೂ ಒಳಗೊಂಡ ಫಿಲ್ಟರ್. ಮೊದಲ ಚಾನೆಲಿನ 0.505ಕ್ಕೆ ಹೋಲಿಸಿದರೆ ಅನುಪಾತ 1.96, ಆಗ ζ = 0.255, ಇದು ಬರೀ 51 ಓಮ್‌ನ ಫಿಲ್ಟರ್. ಎರಡನೆಯ ಲೆಕ್ಕದಲ್ಲಿ ಶಿಖರ 1485 ಹರ್ಟ್ಸ್ ಹತ್ತಿರ 2.03 ಪಟ್ಟು, 6.1 ಡೆಸಿಬೆಲ್. ಎರಡೂ ಸರಿ, ಯಾವುದನ್ನು ಇನ್‌ಪುಟ್ ಎಂದು ಕರೆದಿದ್ದೀರಿ ಎಂಬುದನ್ನು ನಕ್ಷೆಯ ಮೇಲೆ ಬರೆಯದಿದ್ದರೆ ಎರಡೂ ತಪ್ಪು. ನಾವು ಮೊದಲು ನಿರೀಕ್ಷಿಸಿದ್ದ 2.61 ಮಾತ್ರ ಯಾವ ಲೆಕ್ಕದಲ್ಲೂ ಸಿಗುವಂಥದ್ದಲ್ಲ, ಕಾಯಿಲಿನ 12 ಓಮ್‌ ಅನ್ನು ತೆಗೆದೆಸೆಯಲು ಬರುವುದಿಲ್ಲವಲ್ಲ.

ωn ಎಲ್ಲಿದೆ ಎಂದು ಖಚಿತಪಡಿಸಿಕೊಳ್ಳಲು ಎತ್ತರ ನೋಡಬೇಡಿ, ಫೇಸ್ ನೋಡಿ. ಔಟ್‌ಪುಟ್ ಇನ್‌ಪುಟ್‌ಗಿಂತ ಸರಿಯಾಗಿ 90 ಡಿಗ್ರಿ ಹಿಂದುಳಿಯುವ ಆವರ್ತನವೇ ωn, ζ ಎಷ್ಟೇ ಇರಲಿ. ಆಸಿಲೋಸ್ಕೋಪನ್ನು X-Y ಕ್ರಮಕ್ಕೆ ತಿರುಗಿಸಿದರೆ ಓರೆಯಾಗಿದ್ದ ದೀರ್ಘವೃತ್ತ ಆ ಆವರ್ತನದಲ್ಲಿ ನೆಟ್ಟಗೆ ನಿಲ್ಲುತ್ತದೆ. ಅಲ್ಲಿ ಅನುಪಾತ ಓದಿ 1/(2ζ) ಹಾಕಿದರೆ ಮುಗಿಯಿತು. ಶಿಖರವೇ ಇಲ್ಲದ ಫಿಲ್ಟರಿಗೂ ಈ ದಾರಿ ನಡೆಯುತ್ತದೆ. ಒಂದು ಎಚ್ಚರಿಕೆ: ಇದೆಲ್ಲ H(s)ನ ಅಂಶದಲ್ಲಿ ಸ್ಥಿರಸಂಖ್ಯೆ ಮಾತ್ರ ಇದ್ದಾಗ. ಔಟ್‌ಪುಟನ್ನು ಕಾಯಿಲ್ ಅಥವಾ ರೆಸಿಸ್ಟರಿನ ಮೇಲಿಂದ ತೆಗೆದುಕೊಂಡರೆ ಅದು ಲೋ-ಪಾಸ್ ಆಗಿ ಉಳಿಯುವುದಿಲ್ಲ, ಅದರ ಬೋಡೆ ನಕ್ಷೆಯ ಸರಳರೇಖೆಗಳೂ ಬೇರೆಯಾಗುತ್ತವೆ.

ಮರುವಾರ 100 ಮಿಲಿಹೆನ್ರಿ ಕಾಯಿಲ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ತಂದೆವು. ωn ಅದೇ ಉಳಿಯಿತು, ಆದರೆ ζ = R/2000 ಆಯಿತು. ಜನರೇಟರಿನ 50 ಓಮ್ ಈಗ ζಗೆ ಸೇರಿಸುವುದು 0.025 ಮಾತ್ರ. ಹೊಸ ಕಾಯಿಲನ್ನು ಈ ಸಲ ಮೊದಲೇ ಅಳೆದೆವು, 90 ಓಮ್. 270 ಓಮ್ ರೆಸಿಸ್ಟರ್ ಹಾಕಿ ಒಟ್ಟು 410, ζ = 0.205, ಶಿಖರ 2.49 ಪಟ್ಟು ಬರಬೇಕು ಎಂದು ಗೆಳೆಯ ಸ್ವಿಚ್ ಹಾಕುವ ಮೊದಲೇ ಹಾಳೆಯ ಮೇಲೆ ಬರೆದ. ಆಸಿಲೋಸ್ಕೋಪು 2.46 ತೋರಿಸಿತು. ಆ ದಿನ ಅವನಿಗೆ ಗದಗದ ಗಾಡಿ ತಪ್ಪಲಿಲ್ಲ.